ಮುಟ್ಟಿನ ನೋವಿಗೆ ರಜೆ: ಸಾಹೇಬರಿಗೆ ಏನೆಂದು ಬರೆಯಲಿ?

ಪ್ರಶ್ನೆ: ನನಗೆ 27 ವರ್ಷ. ದಾವಣಗೆರೆಯ ಖಾಸಗಿ ಹಣಕಾಸು ಸಂಸ್ಥೆಯೊಂದರ ಶಾಖೆಯಲ್ಲಿ ಕ್ಯಾಷಿಯರ್ ಆಗಿದ್ದೇನೆ. ಮುಟ್ಟಿನ ಮೊದಲ ದಿನ ಕಿಬ್ಬೊಟ್ಟೆ ಹಿಂಡಿದ ಹಾಗಾಗಿ, ವಾಂತಿಯಾಗಿ, ಎದ್ದು ನಿಲ್ಲಲೂ ಆಗುವುದಿಲ್ಲ. ಮ್ಯಾನೇಜರ್ ಐವತ್ತು ದಾಟಿದ ಗಂಡಸು. ಒಳ್ಳೆಯವರೇ, ಆದರೆ ಅವರಿಗೆ ಕಾರಣ ಹೇಳಲು ಬಾಯಿ ಬರುವುದಿಲ್ಲ. ಒಮ್ಮೆ ಜ್ವರ ಎಂದೆ, ಒಮ್ಮೆ ಅಜ್ಜಿಗೆ ಹುಷಾರಿಲ್ಲ ಎಂದೆ, ಕಳೆದ ತಿಂಗಳು ಊರಿಗೆ ಹೋಗಬೇಕು ಎಂದೆ. "ಏನಮ್ಮಾ, ತಿಂಗಳಿಗೊಂದು ತಾಪತ್ರಯನಾ?" ಎಂದು ಎಲ್ಲರೆದುರೇ ಕೇಳಿಬಿಟ್ಟರು. ನಮ್ಮಲ್ಲಿ ರಜೆಯನ್ನು ಶಾಖೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಹಾಕುವುದು ರೂಢಿ. ಅಲ್ಲಿ ನನ್ನ ವಿಷಯ ಬರೆಯಲಾರೆ. ಮರ್ಯಾದೆ ಉಳಿಸಿಕೊಂಡು ರಜೆ ಕೇಳುವುದು ಹೇಗೆ?
– ಹೆಸರು ಬೇಡ

ಉತ್ತರ: ನಿಮ್ಮ ಮ್ಯಾನೇಜರ್ ಎಲ್ಲರೆದುರು ಹಾಗೆ ಕೇಳಬಾರದಿತ್ತು. ಆದರೆ ಆ ಪ್ರಶ್ನೆ ಹುಟ್ಟಿದ್ದು ನೀವು ರಜೆ ಹಾಕಿದ್ದರಿಂದಲ್ಲ, ಕಾರಣ ಪ್ರತಿ ಸಲವೂ ಬದಲಾದದ್ದರಿಂದ. ಸರಿಸುಮಾರು ನಾಲ್ಕು ವಾರಕ್ಕೊಮ್ಮೆ ಒಂದು ದಿನ ಗೈರು, ಪ್ರತಿ ಗೈರಿಗೂ ಹೊಸ ಕಥೆ ಎಂದರೆ ನೋಡುವವರಿಗೆ ಅನುಮಾನ ಬಂದೇ ಬರುತ್ತದೆ. ನಾಳೆ ನಿಮಗೆ ಚಿಕಿತ್ಸೆಗೆಂದು ಹೆಚ್ಚು ದಿನ ಬೇಕಾದರೆ, ಜ್ವರ, ಅಜ್ಜಿ, ಊರು ಎಂದು ದಾಖಲಾಗಿರುವ ಹಳೆಯ ರಜೆಗಳು ನಿಮ್ಮ ನೆರವಿಗೆ ಬರುವುದಿಲ್ಲ. ಹಾಗಾಗಿ ಸುಳ್ಳು ಕಾರಣಗಳನ್ನು ಇಲ್ಲಿಗೇ ಬಿಡಿ.

ಬಿಟ್ಟ ಮೇಲೆ ಪ್ರತಿ ತಿಂಗಳೂ ನಿಜವನ್ನು ವಿವರಿಸುತ್ತ ಕೂರಬೇಕೇ? ಬೇಡ. ನನ್ನ ಸಲಹೆ ಇಷ್ಟು: ನಿಜವನ್ನು ಒಂದೇ ಸಲ, ಒಬ್ಬರಿಗೇ, ಬರಹದಲ್ಲಿ ತಿಳಿಸಿ. ಆಮೇಲೆ ಪ್ರತಿ ಸಲ ಎರಡು ಸಾಲಿನ ಸಂದೇಶ ಸಾಕು.

ಆ ಒಂದು ಪತ್ರವನ್ನು ನೋವಿಲ್ಲದ ದಿನ ಬರೆಯಿರಿ. ನೋವಿನ ನಡುವೆ ಬರೆದದ್ದು ಒಂದೋ ಗೋಳಾಗುತ್ತದೆ, ಇಲ್ಲವೇ ತೀರಾ ಮೊಟಕಾಗುತ್ತದೆ. ಮ್ಯಾನೇಜರ್ ಒಬ್ಬರೇ ತೆರೆಯುವ ಇ-ಮೇಲ್ ವಿಳಾಸಕ್ಕೆ ಕಳಿಸಿ. ಶಾಖೆಯ ಸಾಮಾನ್ಯ ವಿಳಾಸಕ್ಕೆ ಬೇಡ, ಅದನ್ನು ಇನ್ನೂ ಇಬ್ಬರು ಮೂವರು ತೆರೆಯುತ್ತಾರೆ. ಮುಚ್ಚಿದ ಲಕೋಟೆಯಾದರೆ ಕೈಯಾರೆ ಕೊಡಿ, ಅಟೆಂಡರ್ ಮೂಲಕ ಕಳಿಸಬೇಡಿ. ವಿಷಯದ ಸಾಲಿನಲ್ಲಿ ಮುಟ್ಟಿನ ಮಾತು ಬರದಿರಲಿ. ಮೊಬೈಲ್ ಪರದೆಯ ಮೇಲೆ ಮೊದಲು ಮಿನುಗುವುದು ಆ ಸಾಲೇ, ಆಗ ಅವರ ಎದುರಿಗೆ ಗ್ರಾಹಕರು ಕೂತಿರಬಹುದು.

ಪತ್ರ ಹೀಗಿರಲಿ:

"ವಿಷಯ: ರಜೆಯ ಬಗ್ಗೆ ಗೋಪ್ಯ ಮಾಹಿತಿ

ಮಾನ್ಯರೇ,

ಮುಟ್ಟಿನ ಮೊದಲ ದಿನ ನನಗೆ ತೀವ್ರ ಹೊಟ್ಟೆನೋವು, ವಾಂತಿ ಆಗುವುದರಿಂದ ಅಂದು ಕೌಂಟರಿನಲ್ಲಿ ಕೂತು ನಗದು ವ್ಯವಹಾರ ಮಾಡುವುದು ಸಾಧ್ಯವಾಗುತ್ತಿಲ್ಲ. ತಿಂಗಳಿಗೆ ಅಂಥ ಒಂದು ದಿನ, ನನಗೆ ಲಭ್ಯವಿರುವ ರಜೆಯನ್ನು ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಅಂದು ಬೆಳಿಗ್ಗೆ 8 ಗಂಟೆಯೊಳಗೆ ತಮಗೆ ಸಂದೇಶ ಕಳಿಸುತ್ತೇನೆ. ನನ್ನ ಬದಲು ಕ್ಯಾಷ್ ನೋಡಿಕೊಳ್ಳುವವರು ಯಾರೆಂದು ತಾವು ಮೊದಲೇ ಸೂಚಿಸಿದರೆ, ಕೀಲಿ ಮತ್ತು ಪುಸ್ತಕ ಹಸ್ತಾಂತರದ ಕ್ರಮವನ್ನು ಅವರೊಂದಿಗೆ ಮಾತಾಡಿಕೊಳ್ಳುತ್ತೇನೆ. ಈ ವಿಷಯ ತಮ್ಮಲ್ಲೇ ಇರಲಿ ಎಂದು ವಿನಂತಿ.

ತಮ್ಮ ವಿಶ್ವಾಸಿ"

ಇದರಲ್ಲಿ ಕಾರಣಕ್ಕೆ ಸಿಕ್ಕಿರುವುದು ಒಂದೇ ವಾಕ್ಯ, ಕೆಲಸದ ಏರ್ಪಾಡಿಗೆ ಎರಡು. ಬೆಳಿಗ್ಗೆ ಶಟರ್ ಎತ್ತಿದಾಗ ಮ್ಯಾನೇಜರಿಗೆ ಬರುವ ಚಿಂತೆ ಕ್ಯಾಷ್ ಯಾರು ತೆರೆಯುತ್ತಾರೆ ಎಂಬುದು, ಪತ್ರ ಅದಕ್ಕೆ ಮೊದಲೇ ಉತ್ತರ ಕೊಟ್ಟಿದೆ. ಸ್ರಾವ ಎಷ್ಟು, ಯಾವ ಮಾತ್ರೆ, ಮನೆಯವರು ಏನಂದರು ಎಂಬುದೆಲ್ಲ ಅವರಿಗೆ ಬೇಕಿಲ್ಲ. "ದಯವಿಟ್ಟು ಕ್ಷಮಿಸಿ" ಎಂದೂ ನಾನು ಬರೆದಿಲ್ಲ, ನೀವೂ ಸೇರಿಸಬೇಡಿ. ನೋವಿಗೆ ಕಾರಣ ನಿಮ್ಮ ಅಳ್ಳೆದೆಯಲ್ಲ. ಗರ್ಭಕೋಶದ ಒಳಪದರದಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿನ ಸ್ನಾಯುವನ್ನು ಬಿಗಿಯಾಗಿ ಹಿಂಡುತ್ತವೆ. ವಾಂತಿ, ಭೇದಿ ತರುವುದೂ ಅವೇ.

ಮುಂದಿನ ಮುಟ್ಟಿನ ಬೆಳಿಗ್ಗೆ ಗುಂಪಿಗಲ್ಲ, ಮ್ಯಾನೇಜರ್ ಒಬ್ಬರಿಗೇ ಹೀಗೆ ಕಳಿಸಿ: "ಸರ್, ನಾನು ಪತ್ರದಲ್ಲಿ ತಿಳಿಸಿದ್ದ ಆರೋಗ್ಯ ಕಾರಣದಿಂದ ಇಂದು ರಜೆ ಬೇಕಾಗಿದೆ. ಕ್ಯಾಷ್ ವಿಷಯ ತಾವು ಸೂಚಿಸಿದವರಿಗೆ ತಿಳಿಸಿದ್ದೇನೆ, ನಾಳೆ ಬರುತ್ತೇನೆ." ಇದನ್ನು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಅಂದು ಕಳಿಸುವುದಷ್ಟೇ ಕೆಲಸ. ಗುಂಪಿನಲ್ಲಿ ಹಾಕಲೇಬೇಕೆಂದರೆ "ಇಂದು ರಜೆಯಲ್ಲಿದ್ದೇನೆ" ಎಂಬಲ್ಲಿಗೆ ನಿಲ್ಲಿಸಿ. ರಜೆ ಪುಸ್ತಕದ ಕಾರಣದ ಅಂಕಣದಲ್ಲಿ "ಅನಾರೋಗ್ಯ" ಎಂದಿದ್ದರೆ ಸಾಕು, ಅದು ಸುಳ್ಳೂ ಅಲ್ಲ. ಯಾರಾದರೂ "ಏನಾಗಿತ್ತು?" ಎಂದು ಕೇಳಿದರೆ "ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಎಂದು ಹೇಳಿ ಮಾತು ಬದಲಿಸಿ.

ಯಾವ ರಜೆ ಎಂಬುದನ್ನೂ ಯೋಚಿಸಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಲ್ಲಿ ಅನಾರೋಗ್ಯವೇ ಮುಂತಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ವೇತನಸಹಿತ ರಜೆ ಇದೆ. ಇದರ ಜೊತೆಗೆ, ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು, ನವೆಂಬರಿನಲ್ಲಿ ಆದೇಶ ಹೊರಟಿತು. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ, ವೇತನಸಹಿತ. ಖಾಸಗಿ ಸಂಸ್ಥೆಗಳಿಗೂ ಅನ್ವಯ. ವೈದ್ಯರ ಚೀಟಿ ಬೇಕಿಲ್ಲ, ಈ ತಿಂಗಳದ್ದನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಉದ್ಯಮದವರು ಈ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರಿಂದ, ನಿಮ್ಮ ಸಂಸ್ಥೆ ಇದನ್ನು ಹೇಗೆ ಜಾರಿ ಮಾಡಿದೆ ಎಂದು ಮುಖ್ಯ ಕಚೇರಿಯ ಎಚ್‌ಆರ್ ವಿಭಾಗವನ್ನು ಒಂದು ಇ-ಮೇಲ್‌ನಲ್ಲಿ ಕೇಳಿ. ಇಲ್ಲೊಂದು ತೊಡಕಿದೆ. ಋತುಚಕ್ರ ರಜೆ ಎಂದೇ ಬರೆದುಕೊಂಡರೆ ಆ ಹೆಸರು ಹಾಜರಿ ಪಟ್ಟಿಯಲ್ಲೂ ಕಾಣಬಹುದು. ಪಟ್ಟಿಯನ್ನು ಯಾರು ಯಾರು ನೋಡುತ್ತಾರೆ ಎಂದು ಅದೇ ಇ-ಮೇಲ್‌ನಲ್ಲಿ ಕೇಳಿ. ಎಲ್ಲರ ಕಣ್ಣಿಗೂ ಬೀಳುವಂತಿದ್ದರೆ ಅದನ್ನು ಬೇರೆ ಸಂಕೇತದಲ್ಲಿ ನಮೂದಿಸಲು ಕೋರಬಹುದು. ಅಲ್ಲಿಯವರೆಗೆ ಅನಾರೋಗ್ಯ ರಜೆ ಬಳಸಿ.

ಅನಾರೋಗ್ಯ ರಜೆಗೆ ಪ್ರಮಾಣಪತ್ರ ಕೇಳಿದರೆ ಗಾಬರಿಯಾಗಬೇಡಿ. "ಅನಾರೋಗ್ಯದ ಕಾರಣ ಒಂದು ದಿನದ ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು.

ಪತ್ರ ಓದಿದ ಮ್ಯಾನೇಜರ್ ಸುಮ್ಮನಿದ್ದರೆ ಅದನ್ನು ಕೋಪ ಎಂದುಕೊಳ್ಳಬೇಡಿ. ಆ ವಯಸ್ಸಿನ ಎಷ್ಟೋ ಗಂಡಸರಿಗೆ ಏನು ಉತ್ತರಿಸಬೇಕೆಂದೇ ತಿಳಿಯುವುದಿಲ್ಲ. ರಜೆ ಮಂಜೂರಾಗುತ್ತದೆಯೇ ನೋಡಿ, ಅಷ್ಟೇ. ಮತ್ತೆ ಎಲ್ಲರೆದುರು ಆಡಿದರೆ, ಅವರ ಕೋಣೆಗೆ ಹೋಗಿ "ಸರ್, ಆ ವಿಷಯ ನಿಮ್ಮಲ್ಲೇ ಇರಲಿ ಎಂದು ಬರೆದಿದ್ದೆ" ಎಂದು ನೇರವಾಗಿ ಹೇಳಿ. ಆಮೇಲೂ ನಿಲ್ಲದಿದ್ದರೆ ದಿನಾಂಕ ಸಮೇತ ಎಚ್‌ಆರ್‌ಗೆ ಬರೆಯಿರಿ.

ಇನ್ನೊಂದು ಮಾತು. ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಗೆ ಎಷ್ಟೋ ದಿನ ಮೊದಲೇ ಶುರುವಾಗುತ್ತಿದ್ದರೆ, ಮಲವಿಸರ್ಜನೆಯ ವೇಳೆ ಚುಚ್ಚಿದಂತಾದರೆ, ಅಥವಾ ಗಂಟೆ ಎರಡು ಗಂಟೆಗೆ ಪ್ಯಾಡ್ ತುಂಬಿದರೆ ಅದು ಎಂಡೊಮೆಟ್ರಿಯೋಸಿಸ್ ಅಥವಾ ಗರ್ಭಕೋಶದ ಗಡ್ಡೆ ಇರಬಹುದು. ಸ್ತ್ರೀರೋಗ ತಜ್ಞರನ್ನು ಕಾಣಿ. ಇವು ಯಾವುದೂ ಇಲ್ಲದಿದ್ದರೂ, ವಾಂತಿ ತರಿಸುವಷ್ಟು ನೋವನ್ನು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ನೋವು ಏರಿದ ಮೇಲಲ್ಲ, ಶುರುವಾಗುತ್ತಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುವ ಮಾತ್ರೆಗಳಿವೆ. ಅವು ನಿಮಗೆ ಹೊಂದುತ್ತವೆಯೇ ಎಂದು ವೈದ್ಯರೇ ಹೇಳಬೇಕು.

ಮುಂದಿನ ಮುಟ್ಟಿನವರೆಗೆ ಕಾಯಬೇಡಿ, ಆ ಮೊದಲ ಪತ್ರವನ್ನು ಈ ವಾರವೇ ಕೊಟ್ಟುಬಿಡಿ.