ಚಪ್ಪಾಳೆ ಓಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಕುಂದಾಣದ ಕಡೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನಲಿ-ಕಲಿ ತರಗತಿಯ ಮಕ್ಕಳಿಗೆ ಚಪ್ಪಾಳೆಯಲ್ಲಿ ತಾಳ ಹೇಳಿಕೊಡಲು ಹೊರಟೆ. ಎಷ್ಟು ನಿಧಾನವಾಗಿ ಶುರು ಮಾಡಿದರೂ ಅರ್ಧ ನಿಮಿಷದಲ್ಲೇ ಓಡತೊಡಗುತ್ತಾರೆ. ಬಾಟಲಿಗೆ ಕಾಳು ತುಂಬಿಸಿ ಕೊಟ್ಟ ದಿನವಂತೂ ಬರೀ ಗದ್ದಲ. ನನಗೆ ಸಂಗೀತ ಬಾರದು. ಇದನ್ನು ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮೇಡಂ. ನೀವು ನಿಧಾನವಾಗಿ ಶುರು ಮಾಡುವುದರಲ್ಲೇ ತೊಡಕಿದೆ. ಚಿಕ್ಕ ಮಕ್ಕಳ ಸಹಜ ಲಯ ದೊಡ್ಡವರದಕ್ಕಿಂತ ಚುರುಕು. ಎರಡು ಚಪ್ಪಾಳೆಗಳ ನಡುವೆ ಅಂತರ ಹೆಚ್ಚಾದಷ್ಟೂ ಕಾಯುವುದು ಅವರಿಗೆ ಕಷ್ಟ, ಅದಕ್ಕೇ ಮುಂದಿನದನ್ನು ಬೇಗ ಹೊಡೆದುಬಿಡುತ್ತಾರೆ. ಗಡಿಯಾರ ನೋಡಿಕೊಂಡು 10 ಸೆಕೆಂಡಿಗೆ ಸುಮಾರು 18 ಎಣಿಕೆಯ ವೇಗದಲ್ಲಿ ಆರಂಭಿಸಿ. ಮೊದಲು ಕೈ ಬೇಡ, ನಿಂತಲ್ಲೇ ನಡೆಯಲಿ, ಬಾಯಲ್ಲಿ 'ತಕಧಿಮಿ' ಹೇಳಲಿ. ಒಂದು ಅಕ್ಷರಕ್ಕೆ ಒಂದು ಹೆಜ್ಜೆ.

ಹೆಜ್ಜೆ ಕೂಡಿದ ಮೇಲೆ ಕೂರಿಸಿ. 'ತ'ಕ್ಕೆ ತೊಡೆ ತಟ್ಟಲಿ, 'ಕ'ಕ್ಕೆ ಚಪ್ಪಾಳೆ, 'ಧಿ'ಗೆ ಮತ್ತೆ ತೊಡೆ. 'ಮಿ'ಗೆ ಸದ್ದಿಲ್ಲ, ಎರಡೂ ಅಂಗೈ ಮೇಲಕ್ಕೆ ತೆರೆಯಬೇಕು. ಆದಿತಾಳ ಹಾಕುವವರು ಚಪ್ಪಾಳೆಯ ನಂತರ ಬೆರಳು ಎಣಿಸುವುದೂ ಕೈ ಬೀಸುವುದೂ ಇದೇ ಕಾರಣಕ್ಕೆ, ಸದ್ದಿಲ್ಲದ ಎಣಿಕೆಗೂ ಕೈಗೊಂದು ಕೆಲಸ ಬೇಕು. ಸುಮ್ಮನೆ ನಿಲ್ಲಿ ಎಂದರೆ ಮಕ್ಕಳು ನಿಲ್ಲುವುದಿಲ್ಲ, ಕೈ ತೆರೆಯಿರಿ ಎಂದರೆ ತೆರೆಯುತ್ತಾರೆ. ನೀವು ಕಣ್ಣು ಮುಚ್ಚಿ ಆ 'ಮಿ'ಯನ್ನಷ್ಟೇ ಕೇಳಿ. ಅಲ್ಲಿ ಒಂದು ತಟ್ಟು ಕೇಳಿಸಿದರೂ ಯಾರೋ ಮುಂದೆ ಓಡಿದ್ದಾರೆ ಎಂದು ತಿಳಿಯುತ್ತದೆ. ಇದಕ್ಕೆ ಸಂಗೀತಜ್ಞಾನವೇನೂ ಬೇಕಿಲ್ಲ. ಆಗ ಜೋರಾಗಿ ಎಣಿಸಿ ಹಿಡಿದು ನಿಲ್ಲಿಸಲು ಹೋಗಬೇಡಿ, ದನಿ ಏರಿದರೆ ವೇಗವೂ ಏರುತ್ತದೆ. ಎರಡು ಬೆರಳಲ್ಲಿ ಅಂಗೈ ತಟ್ಟಲು ಹೇಳಿ. ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳಿಸತೊಡಗಿದರೆ ತಾವೇ ಹೊಂದಿಕೊಳ್ಳುತ್ತಾರೆ.

ಇನ್ನು ಬಾಟಲಿ. ಅಲ್ಲಾಡಿಸಿದಾಗ ಕಾಳು ಹೋಗುವಾಗೊಮ್ಮೆ, ಬರುವಾಗೊಮ್ಮೆ ಬಡಿಯುತ್ತದೆ. ಒಂದು ಎಣಿಕೆಗೆ ಎರಡು ಸದ್ದು, ಅದೂ ಕೈ ನಿಂತ ಮೇಲೆ ತಡವಾಗಿ. ನಿಮ್ಮ ಗದ್ದಲದ ಮೂಲ ಬಹುಪಾಲು ಇದೇ. ಅರ್ಧ ಲೀಟರಿನ ಬಾಟಲಿಗೆ ಒಂದು ಹಿಡಿ ಒಣ ಅವರೆಕಾಳು ಸಾಕು. ನೆಟ್ಟಗೆ ಹಿಡಿದು ತಳವನ್ನು ಇನ್ನೊಂದು ಅಂಗೈ ಮೇಲೆ ಕುಟ್ಟಲಿ, ಸದ್ದು ಒಂದೇ ಬರುತ್ತದೆ. ರಾಗಿ ಹಾಕಿದರೆ ಸದ್ದು ಮೆತ್ತಗೆ, ಗುಂಪಿನಲ್ಲಿ ಎಣಿಕೆ ಸ್ಪಷ್ಟವಾಗದು. ಮುಚ್ಚಳಕ್ಕೆ ಗಮ್ ಟೇಪ್ ಸುತ್ತಿಬಿಡಿ, ಕಾಳನ್ನು ಮೂಗಿಗೆ ಹಾಕಿಕೊಳ್ಳುವ ವಯಸ್ಸು ಅದು.

ಎಲ್ಲರಿಗೂ ವಾದ್ಯ ಕೊಡಬೇಡಿ. ನಾಲ್ಕು ಮಕ್ಕಳಿಗೆ ತೆಂಗಿನ ಕರಟದ ಜೋಡಿ ಕೊಡಿ, ಅವರು 'ತ'ಕ್ಕೆ ಮಾತ್ರ ಬಡಿಯಲಿ. ನಾಲ್ವರು ಬಾಟಲಿಯವರು 'ಧಿ'ಗೆ. ಉಳಿದವರು ಮೈಮೇಲೆಯೇ ತಾಳ ಹಾಕುತ್ತಿರಲಿ. 'ಮಿ' ಎಲ್ಲರಿಗೂ ಖಾಲಿಯೇ. ಅದು ಸದ್ದಿಲ್ಲದೆ ಬರುವವರೆಗೆ ಮೂರರ 'ತಕಿಟ'ಕ್ಕೆ ಹೋಗಬೇಡಿ.