ಹದಿನಾಲ್ಕು ದಿನಗಳ ತ್ರಿಕೋನಮಿತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮುಂತಾದ ಊರುಗಳಿಂದ ಪ್ರತಿ ವರ್ಷವೂ ಅನೇಕ ವಿದ್ಯಾರ್ಥಿಗಳು ಎಂಜಿನಿಯರಿಂಗ್ ವ್ಯಾಸಂಗವನ್ನು ಬಯಸಿ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಈ ಪರೀಕ್ಷೆಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿರುತ್ತವೆ; ಅವಕ್ಕೆ ದೊರೆಯುವ ಕಾಲ 80 ನಿಮಿಷ. ಎಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು ಮಾತ್ರ. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಅವುಗಳಲ್ಲಿ ಸರಿಯಾದುದನ್ನು ಆರಿಸಬೇಕು.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಓದಿದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಪರೀಕ್ಷೆಗೆ ಹದಿನಾಲ್ಕು ದಿನಗಳು ಉಳಿದಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನೂ ಅವಳು ಓದಬೇಕಾಗಿರುವುದರಿಂದ ತ್ರಿಕೋನಮಿತಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ಕೊಡಲಾರಳು. ಈ ಹದಿನಾಲ್ಕು ಗಂಟೆಗಳನ್ನು ಅವಳು ಹೇಗೆ ಹಂಚಿಕೊಳ್ಳಬೇಕು?

ಮೊದಲನೆಯ ದಿನ ಅವಳು ಪುಸ್ತಕವನ್ನು ತೆರೆಯಬಾರದು. ಆ ವರ್ಷದ ಪಠ್ಯಕ್ರಮವನ್ನು ಒಮ್ಮೆ ನೋಡಿಕೊಂಡು, ಹಳೆಯ ಪ್ರಶ್ನೆಪತ್ರಿಕೆಗಳಿಂದ ಆರಿಸಿದ ಇಪ್ಪತ್ತು ಲೆಕ್ಕಗಳನ್ನು ಗಡಿಯಾರವನ್ನು ಮುಂದಿಟ್ಟುಕೊಂಡು ಮಾಡಬೇಕು. ಅನಂತರ ತಪ್ಪಾದ ಲೆಕ್ಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬೇಕು: ಸೂತ್ರ ಮರೆತುದರಿಂದ ತಪ್ಪಾದುವು, ಧನ ಋಣ ಚಿಹ್ನೆಗಳಲ್ಲಿ ಎಡವಿದುವು, ಕಾಲ ಸಾಲದೆ ಬಿಟ್ಟುವು. ಈ ಮೂರು ಕುಂದುಗಳಿಗೆ ಮದ್ದು ಬೇರೆ ಬೇರೆ. ಮುಂದಿನ ದಿನಗಳಲ್ಲಿ ಯಾವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಈ ವಿಂಗಡಣೆಯೇ ತಿಳಿಸುತ್ತದೆ.

ಎರಡನೆಯ ದಿನದಿಂದ ಐದನೆಯ ದಿನದವರೆಗೆ ಸೂತ್ರಗಳ ಸರದಿ. ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಸೂತ್ರಗಳನ್ನೆಲ್ಲ ಉರುಹೊಡೆಯುವುದು ವ್ಯರ್ಥ ಶ್ರಮ. ಕೆಲವನ್ನು ಮಾತ್ರ ಚೆನ್ನಾಗಿ ನೆನಪಿಟ್ಟು, ಉಳಿದುವನ್ನು ಅವುಗಳಿಂದ ಪಡೆಯಬಹುದು. ಉದಾಹರಣೆಗೆ, ಎರಡು ಕೋನಗಳ ಮೊತ್ತದ ಸೂತ್ರ ಹೀಗಿದೆ:

sin(A + B) = sin A cos B + cos A sin B

ಇಲ್ಲಿ B ಯ ಸ್ಥಾನದಲ್ಲಿ A ಯನ್ನೇ ಇಟ್ಟರೆ sin 2A = 2 sin A cos A ಎಂಬುದು ತಾನಾಗಿಯೇ ದೊರೆಯುತ್ತದೆ. ಹೀಗೆ ಪ್ರತಿದಿನವೂ ಬಿಳಿಯ ಹಾಳೆಯ ಮೇಲೆ ಸೂತ್ರಗಳನ್ನು ಪಡೆದು ಬರೆಯುವವಳಿಗೆ ಪರೀಕ್ಷೆಯ ದಿನ ಒಂದು ಸೂತ್ರ ಮರೆತರೂ ಅದನ್ನು ಮರಳಿ ಕಟ್ಟಿಕೊಳ್ಳುವ ದಾರಿ ಗೊತ್ತಿರುತ್ತದೆ. ಬಸ್ಸಿನಲ್ಲಿ ಕಳೆಯುವ ಕಾಲದಲ್ಲಿ ಲೆಕ್ಕ ಮಾಡಲು ಆಗದಿದ್ದರೂ ಇಂತಹ ಸೂತ್ರಗಳನ್ನು ಮನಸ್ಸಿನಲ್ಲಿಯೇ ಪಡೆದು ನೋಡಬಹುದು.

ನೆನಪಿನ ಮೇಲೆ ಸಂದೇಹ ಬಂದಾಗ, ತಿಳಿದಿರುವ ಒಂದು ಕೋನವನ್ನು ಇಟ್ಟು ಪರೀಕ್ಷಿಸಬೇಕು. cos 2A ಎಂದರೆ 1 − sin²A ಎಂದು ಒಬ್ಬಳು ತಪ್ಪಾಗಿ ನೆನಪಿಟ್ಟಿರುವಳೆನ್ನೋಣ. A ಗೆ 30° ಬೆಲೆಯನ್ನು ಕೊಟ್ಟರೆ ಎಡಗಡೆ cos 60°, ಅಂದರೆ 1/2. ಬಲಗಡೆ 1 − 1/4, ಅಂದರೆ 3/4. ಎರಡೂ ಸಮವಲ್ಲ; ಆದುದರಿಂದ ಸೂತ್ರ ತಪ್ಪು. ಸರಿಯಾದ ಸೂತ್ರ 1 − 2 sin²A. ಆದರೆ 30° ಬದಲು 0° ಇಟ್ಟಿದ್ದರೆ ಎರಡೂ ಕಡೆ 1 ಬಂದು, ತಪ್ಪು ಸೂತ್ರವೇ ಸರಿಯೆಂದು ತೋರುತ್ತಿತ್ತು. ಒಂದು ಕೋನದ ಪರೀಕ್ಷೆ ತಪ್ಪನ್ನು ಹಿಡಿಯಬಲ್ಲದೇ ಹೊರತು ಸರಿಯನ್ನು ಸಾಧಿಸಲಾರದು ಎಂಬುದನ್ನು ಮರೆಯಬಾರದು.

ಆರನೆಯ ದಿನದಿಂದ ಒಂಬತ್ತನೆಯ ದಿನದವರೆಗೆ ಚಿಹ್ನೆಗಳ ಅಭ್ಯಾಸ. ಲಂಬಕೋನ ತ್ರಿಭುಜದಲ್ಲಿ ಕೋನಗಳು 90° ಯನ್ನು ಮೀರುವುದಿಲ್ಲ. ಆದುದರಿಂದ ಅಲ್ಲಿ ಋಣಬೆಲೆಯ ಮಾತೇ ಇಲ್ಲ. ಆದರೆ ಮೇಲಿನ ತರಗತಿಗಳಲ್ಲಿ ಕೋನವನ್ನು ವೃತ್ತದ ಸುತ್ತಲೂ ಅಳೆಯುತ್ತಾರೆ. 90° ಮತ್ತು 180° ಗಳ ನಡುವಿನ ಭಾಗಕ್ಕೆ ಎರಡನೆಯ ಚತುರ್ಥಕವೆಂದು ಹೆಸರು. ಅಲ್ಲಿ ಸೈನ್ ಧನ, ಕೊಸೈನ್ ಋಣ. ಇದನ್ನು ಮರೆತರೆ ಏನಾಗುವುದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ.

A ಮತ್ತು B ಎರಡೂ ಎರಡನೆಯ ಚತುರ್ಥಕದಲ್ಲಿವೆ. sin A = 3/5, cos B = −12/13. ಹಾಗಾದರೆ sin(A + B) ಎಷ್ಟು?

ಸೈನ್ ಮತ್ತು ಕೊಸೈನ್‌ಗಳ ವರ್ಗಗಳ ಮೊತ್ತ ಯಾವಾಗಲೂ 1. ಆದುದರಿಂದ cos²A = 1 − 9/25 = 16/25. ಇದರ ವರ್ಗಮೂಲ +4/5 ಆಗಬಹುದು, −4/5 ಆಗಬಹುದು. A ಎರಡನೆಯ ಚತುರ್ಥಕದಲ್ಲಿರುವುದರಿಂದ −4/5 ನ್ನೇ ತೆಗೆದುಕೊಳ್ಳಬೇಕು. ಇದೇ ರೀತಿಯಲ್ಲಿ sin B = 5/13. ಈಗ ಸೂತ್ರದಲ್ಲಿ ಬೆಲೆಗಳನ್ನು ಇಡೋಣ:

(3/5)(−12/13) + (−4/5)(5/13) = −36/65 − 20/65 = −56/65

ಅವಸರದಲ್ಲಿ cos A ಗೆ +4/5 ಎಂದು ಬರೆದವಳಿಗೆ −16/65 ಎಂಬ ಉತ್ತರ ಬರುತ್ತದೆ. ಪ್ರಶ್ನೆ ರಚಿಸುವವರಿಗೂ ಈ ಎಡವು ಗೊತ್ತು. ಆದುದರಿಂದ ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ −16/65 ಕೂಡ ಇರುವ ಸಂಭವ ಹೆಚ್ಚು. ತನ್ನ ಉತ್ತರ ಅಲ್ಲಿ ಕಾಣಿಸಿತೆಂಬುದು ಅದು ಸರಿಯೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಹಾಗಾದರೆ ತಾಳೆ ನೋಡುವುದು ಹೇಗೆ? ಅಂದಾಜಿನಿಂದ. ಸೈನ್ 3/5 ಇರುವ ಲಘುಕೋನ ಸುಮಾರು 37°. ಆದುದರಿಂದ A ಸುಮಾರು 143°. ಸೈನ್ 5/13 ಇರುವ ಲಘುಕೋನ ಸುಮಾರು 23°. ಆದುದರಿಂದ B ಸುಮಾರು 157°. ಇವುಗಳ ಮೊತ್ತ 300°. sin 300° ಯ ಬೆಲೆ ಸುಮಾರು −0.87. −56/65 ಎಂದರೆ ಸುಮಾರು −0.86, −16/65 ಎಂದರೆ ಸುಮಾರು −0.25. ಯಾವುದು ಸರಿಯೆಂಬುದು ಈಗ ಸ್ಪಷ್ಟ. ಈ ಅಂದಾಜಿಗೆ ಹತ್ತು ಹದಿನೈದು ಸೆಕೆಂಡು ಸಾಕಾಗುವಂತೆ ಕೈ ಪಳಗಬೇಕು. ನಾಲ್ಕು ದಿನಗಳ ಅಭ್ಯಾಸ ಅದಕ್ಕಾಗಿಯೇ.

ಹತ್ತನೆಯ ಮತ್ತು ಹನ್ನೊಂದನೆಯ ದಿನಗಳು ವಿಲೋಮ ಫಲನಗಳಿಗೆ ಮೀಸಲು. ಬೆಲೆಯಿಂದ ಕೋನಕ್ಕೆ ಹಿಂದಿರುಗುವ ಕ್ರಮಕ್ಕೆ ಈ ಹೆಸರು. ಇಲ್ಲಿಯೂ ಒಂದು ಮರೆಯಾದ ಗುಂಡಿಯಿದೆ. sin⁻¹(sin 120°) ಎಷ್ಟೆಂದು ಕೇಳಿದರೆ ಹಲವರು 120° ಎಂದುಬಿಡುತ್ತಾರೆ. ಆದರೆ 60°, 120° ಎರಡಕ್ಕೂ ಸೈನ್ ಒಂದೇ. ಬೆಲೆಯೊಂದಕ್ಕೆ ಒಂದೇ ಉತ್ತರವಿರಲೆಂದು ಗಣಿತಜ್ಞರು sin⁻¹ ನ ಉತ್ತರವು −90° ಮತ್ತು 90° ಗಳ ಎಲ್ಲೆಯೊಳಗೇ ಇರಬೇಕೆಂದು ನಿಯಮ ಮಾಡಿದ್ದಾರೆ. ಆದುದರಿಂದ ಉತ್ತರ 60°. ಲೆಕ್ಕ ಮುಗಿದ ಮೇಲೆ ಉತ್ತರ ಎಲ್ಲೆಯೊಳಗಿದೆಯೇ ಎಂದು ನೋಡುವುದೊಂದೇ ಇಲ್ಲಿ ಕಾವಲು.

ಹನ್ನೆರಡನೆಯ ದಿನ, ಮೊದಲ ದಿನ ತಪ್ಪಾದ ಲೆಕ್ಕಗಳನ್ನೇ ಮತ್ತೆ ಮಾಡಬೇಕು. ಹಳೆಯ ಪರಿಹಾರವನ್ನು ನೋಡಿ ತಲೆದೂಗುವುದು ಸಾಲದು. ಅದನ್ನು ಮುಚ್ಚಿಟ್ಟು ಬರೆಯಬೇಕು. ಓದುವಾಗ ಅರ್ಥವಾದುದೆಲ್ಲ ಬರೆಯುವಾಗ ಕೈಗೆ ಬರುವುದಿಲ್ಲ. ಮತ್ತೆ ತಪ್ಪಾದ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು.

ಹದಿಮೂರನೆಯ ದಿನ 80 ನಿಮಿಷಗಳ ಪೂರ್ಣ ಗಣಿತ ಪತ್ರಿಕೆಯನ್ನು ಬಿಡಿಸಬೇಕು. ಎರಡು ನಿಮಿಷಗಳಲ್ಲಿ ದಾರಿ ತೋರದ ಪ್ರಶ್ನೆಯನ್ನು ಗುರುತುಮಾಡಿ ಮುಂದೆ ಸಾಗಬೇಕು. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲ. ಆದುದರಿಂದ ಕೊನೆಯ ಐದು ನಿಮಿಷಗಳಲ್ಲಿ ಉಳಿದ ಪ್ರಶ್ನೆಗಳಿಗೆ ಹಿಂದಿರುಗಿ, ಚಿಹ್ನೆಯಿಂದಲೋ ಅಂದಾಜಿನಿಂದಲೋ ಸಲ್ಲದ ಉತ್ತರಗಳನ್ನು ಹೊಡೆದುಹಾಕಿ, ಮಿಕ್ಕುದರಲ್ಲಿ ಒಂದನ್ನು ಗುರುತಿಸಬೇಕು. ಯಾವುದನ್ನೂ ಖಾಲಿ ಬಿಡಬಾರದು.

ಹದಿನಾಲ್ಕನೆಯ ದಿನ ಹೊಸ ಲೆಕ್ಕವೊಂದನ್ನೂ ಮುಟ್ಟಬಾರದು. ಹನ್ನೆರಡನೆಯ ದಿನ ಬರೆದಿಟ್ಟ ಆ ಒಂದು ಹಾಳೆಯನ್ನು ಮಾತ್ರ ಓದಬೇಕು. ಇಡೀ ಪುಸ್ತಕದಲ್ಲಿ ಅವಳು ಇನ್ನೂ ಎಡವುವ ಸ್ಥಳಗಳು ಯಾವುವೆಂಬುದು ಅದರಲ್ಲಿದೆ. ಒಂದು ಗಂಟೆಯಲ್ಲಿ ನೋಡಿ ಮುಗಿಸುವಷ್ಟೇ ಉದ್ದವೂ ಅದಕ್ಕಿದೆ.