ಆ ಮಾತು ವಿಡಿಯೊದಲ್ಲಿ ಎಲ್ಲಿದೆ? ಪ್ರಜಾವೇದಿಕೆಯ ವರದಿ ಬರೆಯುತ್ತ ಕಲಿತ ಪಾಠಗಳು

ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿ 2ರಂದು ಶುರುವಾದದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಅದರ ಸಾಮಾಜಿಕ ಪರಿಶೋಧನೆಯಲ್ಲಿ ತಂಡದವರು ಊರೂರಿಗೆ ಹೋಗಿ ಮಸ್ಟರ್ ರೋಲನ್ನು ಕೂಲಿಯವರ ಮಾತಿನೊಂದಿಗೆ ತಾಳೆ ನೋಡುತ್ತಾರೆ. ಕೊನೆಗೆ ಮಂಡಲ ಕೇಂದ್ರದಲ್ಲಿ ಪ್ರಜಾವೇದಿಕೆ ನಡೆಯುತ್ತದೆ, ಅದರ ವಿಡಿಯೊ ಚಿತ್ರೀಕರಣವೂ ಆಗುತ್ತದೆ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಅನೇಕರು ಎದ್ದು ನಿಂತು ಮಾತಾಡುವುದು ಕನ್ನಡದಲ್ಲಿ, ವರದಿ ಹೋಗುವುದು ತೆಲುಗಿನಲ್ಲಿ. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ ಎರಡೂ ಕಡೆಯ ವರದಿಗಳು ಬೇರೆ ಬೇರೆ ಜಿಲ್ಲಾ ಕಚೇರಿಗಳಿಗೆ ಹೋಗುತ್ತವೆ. ಓದುವ ಅಧಿಕಾರಿ ಆ ದಿನ ಅಲ್ಲಿ ಇದ್ದವರಾಗಿರಬೇಕೆಂದಿಲ್ಲ. ಅವರು ತಾವೇ ನೋಡಿ ಖಚಿತಪಡಿಸಿಕೊಳ್ಳುವಂತೆ ಸಮಯ ನಮೂದಿಸುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಫೈಲಿನ ಹೆಸರು, ಆಮೇಲೆ ಸಮಯ. ಹಲವು ಕ್ಯಾಮೆರಾಗಳು ಒಂದು ಫೈಲು 4 ಜಿಬಿ ಮುಟ್ಟಿದೊಡನೆ ಅದನ್ನು ಮುಚ್ಚಿ ಹೊಸದನ್ನು ತೆರೆಯುತ್ತವೆ. ಸಾಮಾನ್ಯ ಎಚ್‌ಡಿ ಗುಣಮಟ್ಟದಲ್ಲಿ ಇದು ಇಪ್ಪತ್ತು ನಿಮಿಷ ಚಿಲ್ಲರೆಗೊಮ್ಮೆ ಆಗುತ್ತದೆ. ಪ್ರತಿ ಹೊಸ ಫೈಲೂ ಸೊನ್ನೆಯಿಂದ ಎಣಿಕೆ ಶುರುಮಾಡುತ್ತದೆ. ಹಾಗಾಗಿ "7ನೇ ನಿಮಿಷದಲ್ಲಿ" ಎಂದಷ್ಟೇ ಬರೆದರೆ ಒಂದೇ ಸಭೆಯಲ್ಲಿ ಅಂಥ ನಿಮಿಷಗಳು ನಾಲ್ಕೈದು ಸಿಗುತ್ತವೆ. ಹೀಗೆ ಬರೆಯಿರಿ:

```
MVI_0043.MP4, 00:07:42–00:08:31
```

ಗಂಟೆ, ನಿಮಿಷ, ಸೆಕೆಂಡು ಮೂರನ್ನೂ ಎರಡೆರಡು ಅಂಕಿಯಲ್ಲಿ ಕೊಡಿ. ಬರೀ 7:42 ಎಂದರೆ ಏಳು ನಿಮಿಷವೋ ಏಳು ಗಂಟೆಯೋ ಎಂಬ ಗೊಂದಲ ಉಳಿಯುತ್ತದೆ.

2. ಯಾವ ಎಣಿಕೆಯ ಸಮಯ ಎಂದು ತಿಳಿಸಿ. ಚಿತ್ರದ ಮೂಲೆಯಲ್ಲಿ ಅಚ್ಚಾಗಿರುವುದು ಕ್ಯಾಮೆರಾದ ಗಡಿಯಾರ. ಅದನ್ನು ಯಾರೂ ಸರಿಮಾಡಿಟ್ಟಿರದಿದ್ದರೆ ತಪ್ಪು ತೋರಿಸುತ್ತದೆ. ಪ್ಲೇಯರಿನ ಕೆಳಪಟ್ಟಿಯಲ್ಲಿ ಕಾಣುವುದು ಫೈಲಿನ ಆರಂಭದಿಂದ ಎಣಿಸಿದ ಸಮಯ. ವರದಿಗೆ ಎರಡನೆಯದೇ ಬೇಕು. ಫೈಲುಗಳನ್ನು ಜೋಡಿಸಿ ಯೂಟ್ಯೂಬಿಗೆ ಹಾಕಿದ್ದರೆ ಎಣಿಕೆ ಮತ್ತೆ ಬದಲಾಗುತ್ತದೆ. ಮೇಲಿನದು ಮೂರನೆಯ ಫೈಲು, ಮೊದಲ ಎರಡು ತಲಾ 22:54 ಉದ್ದವಿವೆ ಎಂದುಕೊಳ್ಳಿ. ಆಗ 45:48ಕ್ಕೆ 7:42 ಕೂಡಿಸಿದರೆ 53:30, ಅಂದರೆ 3210 ಸೆಕೆಂಡು. ಕೊಂಡಿಯ ಕೊನೆಗೆ `&t=3210s` ಸೇರಿಸಿದರೆ ವಿಡಿಯೊ ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಯಾರಾದರೂ ಅದರ ಮುಂಭಾಗ ಕತ್ತರಿಸಿದರೆ ಈ ಲೆಕ್ಕ ಕೆಡುತ್ತದೆ. ಆದ್ದರಿಂದ ಮೂಲ ಫೈಲಿನ ಸಮಯವನ್ನು ಎಂದೂ ಬಿಡಬೇಡಿ.

3. ಪ್ರಶ್ನೆಯಿಂದಲೇ ಹಿಡಿಯಿರಿ. ಉದಾಹರಣೆಗೆ, ಮಸ್ಟರಿನಲ್ಲಿ ನಾಲ್ಕು ವಾರದ ಹಾಜರಿ ಇದೆ. ಕೂಲಿಯ ಹೆಂಗಸು "ಎರಡು ವಾರ ಅಷ್ಟೇ ಹೋಗಿದ್ದು" ಎನ್ನುತ್ತಾರೆ. ಆ ಮಾತು ಬರುವುದು 00:08:05ಕ್ಕೆ. ಆದರೆ ಯಾವ ಕೆಲಸದ ಬಗ್ಗೆ ಕೇಳಿದ್ದು ಎಂಬುದು ಗೊತ್ತಾಗುವುದು 00:07:42ರ ಪ್ರಶ್ನೆಯಿಂದ. ಫೀಲ್ಡ್ ಅಸಿಸ್ಟೆಂಟ್ ಕೊಡುವ ವಿವರಣೆ ಮುಗಿಯುವುದು 00:08:31ಕ್ಕೆ. ಈ ಪೂರ್ತಿ ಅವಧಿ ಕೊಟ್ಟರೆ ಇಬ್ಬರಿಗೂ ನ್ಯಾಯ. ಆಕೆಯ ಮಾತನ್ನು ಕನ್ನಡದಲ್ಲೇ ಬರೆದು, ಪಕ್ಕದಲ್ಲಿ ತೆಲುಗು ಕೊಡಿ. ಅನುವಾದದ ಮೇಲೆ ಅನುಮಾನ ಬಂದವರು ಆ ಸೆಕೆಂಡಿಗೆ ಹೋಗಿ ಕಿವಿಯಾರೆ ಕೇಳಬಹುದು.

4. ತುಣುಕನ್ನು ಮೂಲವೆಂದು ತೋರಿಸಬೇಡಿ. ಕಳಿಸಲು ಸುಲಭವೆಂದು ಕತ್ತರಿಸಿದ ತುಣುಕಿಗೆ ತನ್ನದೇ ಸೊನ್ನೆ ಇರುತ್ತದೆ. ಮರು-ಎನ್‌ಕೋಡ್ ಮಾಡದೆ ಕತ್ತರಿಸಿದಾಗ ಅದು ಹತ್ತಿರದ ಕೀಫ್ರೇಮಿನಿಂದ ಶುರುವಾಗಿ ಕೆಲವು ಸೆಕೆಂಡು ಹಿಂದಕ್ಕೂ ಹೋಗಬಹುದು. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಹೆಸರೂ ಬದಲಾಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಎರಡು ಪ್ರತಿಗಳು ಒಂದೇ ಎಂದು ತಿಳಿಯಲು ವಿಂಡೋಸ್‌ನಲ್ಲಿ ಈ ಆಜ್ಞೆ ಸಾಕು:

```
certutil -hashfile MVI_0043.MP4 SHA256
```

ಬರುವ 64 ಅಕ್ಷರಗಳ ಸಾಲನ್ನು ವರದಿಯ ಅನುಬಂಧದಲ್ಲಿ ಹಾಕಿ. ಫೈಲಿನ ಒಂದು ಬೈಟು ಬದಲಾದರೂ ಈ ಸಾಲು ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲೂ ಹ್ಯಾಶ್ ಕೇಳುತ್ತಾರೆ. ಆದರೆ ಇದು ಹೇಳುವುದು ಪ್ರತಿ ಅದೇ ಎಂದಷ್ಟೇ. ಮಾತು ನಿಜವೇ ಎಂಬುದಕ್ಕೆ ಮಸ್ಟರು, ಪಾಸ್‌ಬುಕ್ಕು ನೋಡಲೇಬೇಕು.

5. ಸಭೆಗೆ ಬಾರದವರಿಂದ ಪರೀಕ್ಷೆ ಮಾಡಿಸಿ. ವರದಿ ಕಳಿಸುವ ಮುನ್ನ ಅದನ್ನೂ ಫೈಲುಗಳನ್ನೂ ಅಂಥ ಒಬ್ಬರ ಕೈಗೆ ಕೊಡಿ. ವಿಎಲ್‌ಸಿಯಲ್ಲಿ `Ctrl+T` ಒತ್ತಿ ಸಮಯ ಹಾಕಿದರೆ ನೇರವಾಗಿ ಆ ಜಾಗಕ್ಕೆ ಹೋಗುತ್ತದೆ. ನಿಮ್ಮನ್ನು ಏನೂ ಕೇಳದೆ ಅವರು ಪ್ರತಿ ಮಾತನ್ನೂ ಕಂಡುಕೊಳ್ಳಬೇಕು. ಅವರಿಗೆ ಸಿಗದ ನಮೂದನ್ನು ಸರಿಪಡಿಸುವ ತನಕ ವರದಿಯಲ್ಲಿ ಇಡಬೇಡಿ. ಹುಡುಕಿ ಸಿಗದ ಸಾಕ್ಷ್ಯದ ನೆಪದಲ್ಲಿ ಕೂಲಿಯವರ ದೂರನ್ನೇ ತಳ್ಳಿಹಾಕಬಹುದು.